ಹನ್ನೊಂದು ಸಲ ಓದಿದ ಪುಟ

ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಹರಿದ ಪುಸ್ತಕಗಳನ್ನು ಹೊಲಿದು ಕಟ್ಟುವವನಿಗೆ ಎಲ್ಲರೂ ಗೋಂದಣ್ಣ ಎನ್ನುತ್ತಿದ್ದರು. ಅಂಗಿಯ ಕೈಕೊನೆಯಲ್ಲಿ ಒಣಗಿದ ಗೋಂದಿನ ಹೊಳಪು ಯಾವಾಗಲೂ ಇರುತ್ತಿದ್ದದ್ದರಿಂದ ಹೆಸರು ತಾನಾಗಿಯೇ ಅಂಟಿಕೊಂಡಿತ್ತು. ಮೂವತ್ತೆರಡು ವರ್ಷ ಸೂಜಿ ದಾರ ಹಿಡಿದ ಮೇಲೆ, ಲೈಬ್ರರಿ ಮೇಡಂ ಒಂದು ದಿನ ಇಪ್ಪತ್ತನಾಲ್ಕು ಇ-ರೀಡರ್‌ಗಳ ಪೆಟ್ಟಿಗೆಯನ್ನು ತಂದು ಅವನ ಮೇಜಿನ ಮೇಲಿಟ್ಟರು. ಇವೂ ಪುಸ್ತಕಗಳೇ ಅಣ್ಣ, ಇವನ್ನೂ ನೀವೇ ನೋಡಿಕೊಳ್ಳಿ ಎಂದರು. ಗೋಂದಣ್ಣ ತಲೆ ಕೆರೆದುಕೊಂಡ. ಇವಕ್ಕೆ ಬೆನ್ನೂ ಇಲ್ಲ, ಹೊಲಿಗೆಯೂ ಇಲ್ಲ, ಎಲ್ಲಿ ಸೂಜಿ ಹಾಕೋದು ಮೇಡಂ ಎಂದು ಕೇಳಿದ. ಆದರೆ ಬೇಡ ಎನ್ನಲಿಲ್ಲ.

ಕಲಿಯಲು ಒಂದು ವರ್ಷ ಹಿಡಿಯಿತು. ಮೇಜಿನ ಎಡಭಾಗ ಪುಸ್ತಕಗಳಿಗೆ, ಬಲಭಾಗ ಇ-ರೀಡರ್‌ಗಳಿಗೆ. ಎಡಗಡೆ ಗೋಂದಿನ ಬಟ್ಟಲು, ಬಲಗಡೆ ಸಣ್ಣ ಸ್ಕ್ರೂ ತಿರುಪುಳಿಗಳು. ಎರಡೂ ಬೆರೆಯಬಾರದೆಂದು ನಡುವೆ ಒಂದು ಮರದ ಅಳತೆಪಟ್ಟಿ. ಪ್ರತಿ ಇ-ರೀಡರಿಗೂ ಹಳೆಯ ಬೈಂಡಿಂಗ್ ಬಟ್ಟೆಯಲ್ಲಿ ಒಂದೊಂದು ಚೀಲ ಹೊಲಿದ. ಚೀಲದೊಳಗೆ ಒಂದು ಚೀಟಿ. ಯಾರಾದರೂ ಕೆಟ್ಟಿದೆ ಎಂದು ತಂದರೆ, ಮೊದಲು ಅವರ ಮಾತನ್ನು ಅವರು ಆಡಿದ ಹಾಗೆಯೇ ಚೀಟಿಯಲ್ಲಿ ಬರೆಯುತ್ತಿದ್ದ. ಆಮೇಲೆ ಯಂತ್ರವನ್ನು ಮುಟ್ಟುತ್ತಿದ್ದ. ಪುಸ್ತಕದ ಕಾಲದಿಂದ ಬಂದ ಅಭ್ಯಾಸ ಅದು. ಓದುವವನಿಗೆ ಪುಟ ಎಲ್ಲಿ ಎಡವಿತು ಎಂದು ಗೊತ್ತಿರುತ್ತದೆ, ಕಟ್ಟುವವನಿಗೆ ಗೊತ್ತಿರುವುದಿಲ್ಲ ಎನ್ನುತ್ತಿದ್ದ.

ಒಬ್ಬ ನಿವೃತ್ತ ಬಸ್ ಚಾಲಕ, "ಅಣ್ಣ, ಇದು ಸತ್ತಿಲ್ಲ, ಮುನಿಸಿಕೊಂಡಿದೆ. ಪುಟ ಕಾಣ್ತಾನೇ ಇದೆ, ಕರೆದರೆ ಮಾತಾಡಲ್ಲ" ಎಂದಿದ್ದ. ಗೋಂದಣ್ಣ ಅದನ್ನೇ ಬರೆದುಕೊಂಡು, ಚಾರ್ಜಿಗೆ ಹಾಕಿ, ಅರ್ಧ ಗಂಟೆ ಪತ್ರಿಕೆ ಓದಿ ಬನ್ನಿ ಎಂದು ಕಳಿಸಿದ. ಈ ಪರದೆಗೆ ಬಂದ ಅಕ್ಷರವನ್ನು ಹಿಡಿದಿಟ್ಟುಕೊಳ್ಳಲು ವಿದ್ಯುತ್ ಬೇಕಿಲ್ಲ, ಬದಲಾಯಿಸಲು ಮಾತ್ರ ಬೇಕು. ಹಾಗಾಗಿ ಬ್ಯಾಟರಿ ಪೂರ್ತಿ ಖಾಲಿಯಾದರೂ ಕೊನೆಯ ಪುಟ ಏನೂ ಆಗಿಲ್ಲವೆಂಬಂತೆ ನಿಂತಿರುತ್ತದೆ. ಇಂಥ ಸಣ್ಣ ಸಣ್ಣ ತಿಳಿವಳಿಕೆಗಳನ್ನು ಅವನು ಒಂದೊಂದಾಗಿ ಕೂಡಿಸಿಕೊಂಡಿದ್ದ.

ಇಪ್ಪತ್ತನಾಲ್ಕರಲ್ಲಿ ಒಂದು ಮಾತ್ರ ಕಪಾಟಿಗೆ ಮರಳುತ್ತಿರಲಿಲ್ಲ. ಅದು ಅವನ ಅಕ್ಕನ ಹತ್ತಿರ ಇತ್ತು.

ಅಕ್ಕ ಒಂದು ಕಾಲದಲ್ಲಿ ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದವಳು. ಸೀಸದ ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗಾಗಿ ಓದುವುದು ಅವಳಿಗೆ ನೀರು ಕುಡಿದಷ್ಟು ಸುಲಭವಾಗಿತ್ತು. ತಂದೆ ಇಲ್ಲದ ಮನೆಯಲ್ಲಿ ಆ ಸಂಬಳದಿಂದಲೇ ತಮ್ಮನನ್ನು ಓದಿಸಿದವಳು ಅವಳು. ಈಗ ಅರವತ್ತೇಳು. ಕಣ್ಣಿನ ನಟ್ಟನಡುವೆ ಒಂದು ಮಂಜಿನ ಚುಕ್ಕೆ ಕೂತಿತ್ತು. ಅಕ್ಷರವನ್ನು ಹೆಬ್ಬೆರಳಿನ ಉಗುರಿನಷ್ಟು ದೊಡ್ಡದು ಮಾಡಿದರೆ ಮಾತ್ರ ಓದಬಲ್ಲಳು. ಒಂದು ಪುಟಕ್ಕೆ ಹತ್ತೋ ಹನ್ನೆರಡೋ ಪದ. ಬೇರೆಯವರು ಒಂದು ಸಲ ಪುಟ ತಿರುಗಿಸುವಲ್ಲಿ ಅವಳು ಇಪ್ಪತ್ತು ಸಲ ತಿರುಗಿಸಬೇಕು. ಆದರೂ ಓದುತ್ತಿದ್ದಳು. ಬೆಳಗಿನಿಂದ ಸಂಜೆಯವರೆಗೆ ಮೊಮ್ಮಗಳು ಪುಟ್ಟಿ ಅವಳ ಜೊತೆಗಿರುತ್ತಿದ್ದಳು. ಎರಡು ವರ್ಷದ ಕೂಸು. ಮಗಳು ಆಸ್ಪತ್ರೆಯಲ್ಲಿ ನರ್ಸ್. ಪುಟ್ಟಿ ಮಲಗಿದ ಒಂದೂವರೆ ಗಂಟೆ ಅಕ್ಕನ ಓದಿನ ಸಮಯ.

ಆಗ ಓದುತ್ತಿದ್ದದ್ದು ದೋಣಿ ನಡೆಸುವ ಒಬ್ಬ ವಿಧವೆಯ ಕಥೆಯಿದ್ದ ದಪ್ಪ ಕಾದಂಬರಿ. ಇಷ್ಟವಾದ ಸಾಲುಗಳನ್ನು ಬೆರಳಿನಿಂದ ಒತ್ತಿ ಹಿಡಿದು ಗುರುತು ಹಾಕಿಕೊಳ್ಳುತ್ತಿದ್ದಳು.

ಮೊದಲ ದೂರು ಬಂದದ್ದು ಒಂದು ಭಾನುವಾರ, ಊಟಕ್ಕೆ ಕೂತಾಗ. ಓದಿ ಮುಗಿಸಿದ ಪುಟದ ಅಕ್ಷರಗಳು ಹೊಸ ಪುಟದ ಹಿಂದೆ ಬೂದುಬಣ್ಣದಲ್ಲಿ ಉಳಿದಿರುತ್ತವೆ, ಯಾವುದು ಇಂದಿನದು ಯಾವುದು ನಿನ್ನೆಯದು ಎಂದು ಕಣ್ಣು ಗಲಿಬಿಲಿಯಾಗುತ್ತದೆ ಎಂದಳು. ಗೋಂದಣ್ಣನಿಗೆ ಅದು ಹಳೆಯ ಪರಿಚಯ. ಇದಕ್ಕೆ ನೆರಳು ಅಂತಾರೆ ಅಕ್ಕ ಎಂದ. ಬ್ಯಾಟರಿ ಉಳಿಸಲೆಂದು ಯಂತ್ರ ಪ್ರತಿ ಸಲವೂ ಪರದೆಯನ್ನು ಪೂರ್ತಿ ಒರೆಸುವುದಿಲ್ಲ. ಬದಲಾಗಬೇಕಾದ ಕಡೆ ಮಾತ್ರ ಬದಲಾಯಿಸುತ್ತದೆ, ಹಳೆಯದರ ಕಲೆ ಸ್ವಲ್ಪ ಉಳಿಯುತ್ತದೆ. ಹಲವು ಪುಟಗಳಿಗೊಮ್ಮೆ ಇಡೀ ಪರದೆ ಕಪ್ಪು-ಬಿಳಿ ಮಿಂಚಿ ಒರೆಸಿಕೊಂಡಾಗ ಹೋಗುತ್ತದೆ.

ಅಕ್ಕ ತಟ್ಟನೆ ಹಿಡಿದುಕೊಂಡಳು. "ಹಸಿ ಮಸಿ ಇರೋ ಹಾಳೆ ಮೇಲೆ ಇನ್ನೊಂದು ಹಾಳೆ ಇಟ್ಟ ಹಾಗೆ. ನಮ್ಮ ಪ್ರೆಸ್ಸಿನಲ್ಲಿ ಅದಕ್ಕೆ ಬೈಸಿಕೊಳ್ತಿದ್ವಿ."

ಅವನು ಕೈ ತೊಳೆದು ಬಂದು, ಸೆಟ್ಟಿಂಗಿನೊಳಗೆ ನಾಲ್ಕು ಮೆಟ್ಟಿಲು ಇಳಿದು, ಪ್ರತಿ ಪುಟಕ್ಕೂ ಪೂರ್ತಿ ಒರೆಸು ಎಂದು ಬದಲಾಯಿಸಿಕೊಟ್ಟ. ಪುಟ ತಿರುಗಿಸಿದಾಗಲೆಲ್ಲ ಪರದೆ ಒಮ್ಮೆ ಕಣ್ಣು ಮುಚ್ಚಿ ತೆರೆಯುತ್ತದೆ, ಬ್ಯಾಟರಿಯೂ ಬೇಗ ಕರಗುತ್ತದೆ ಎಂದು ಎಚ್ಚರಿಸಿದ. ಚೀಟಿ ಬರೆಯಲಿಲ್ಲ. ಮನೆಯವಳಿಗೆ ಎಂಥ ಚೀಟಿ ಎಂದುಕೊಂಡ.

ಎರಡು ವಾರದ ಮೇಲೆ ಪುಟ ನಿಂತುಹೋಯಿತು. ಬಸ್ ಚಾಲಕ ಹೇಳಿದ ಮುನಿಸೇ ಇದೂ. ಚಾರ್ಜಿಗೆ ಹಾಕಿದರೆ ಸ್ವಲ್ಪ ಹೊತ್ತು ದೀಪವೂ ಹತ್ತಲಿಲ್ಲ, ಆಮೇಲೆ ಹತ್ತಿತು. ಯಂತ್ರ ಹಳೆಯದು, ಬ್ಯಾಟರಿ ಸವೆದಿದೆ ಎಂದು ಗೋಂದಣ್ಣನಿಗೆ ಅರ್ಥವಾಯಿತು. ಪೂರ್ತಿ ತುಂಬಿದಂತೆ ತೋರಿಸುತ್ತದೆ, ಎರಡು ದಿನದಲ್ಲಿ ಕುಸಿಯುತ್ತದೆ. ಚಾರ್ಜು ಮುಗಿಯುತ್ತಿದೆ ಎಂಬ ಚಿತ್ರ ಬಿಡಿಸುವಷ್ಟು ಶಕ್ತಿಯೂ ಇಲ್ಲದೆ ಒಮ್ಮೆಲೇ ನಿಂತುಬಿಡುತ್ತದೆ. ಹೊಸ ಬ್ಯಾಟರಿಗೆ ಬರೆದು ಹಾಕಿದ. ಯಂತ್ರ ಎದ್ದ ಮೇಲೆ ನೋಡಿದರೆ ನೆರಳು ಮತ್ತೆ ಬಂದಿತ್ತು. ಸೆಟ್ಟಿಂಗು ಮೊದಲಿನ ಹಾಗೇ ಆಗಿತ್ತು.

"ಅಕ್ಕ, ಏನಾದರೂ ಒತ್ತಿದೆಯಾ?" ಎಂದು ಕೇಳಿದ.

"ನಾನೇನೂ ಮುಟ್ಟಿಲ್ಲಪ್ಪ" ಎಂದಳು ಅಕ್ಕ. ಮತ್ತೆ ತಾನೇ, "ಮುಟ್ಟಿದ್ದೆನೋ ಏನೋ" ಎಂದಳು.

ಆ ಎರಡನೆಯ ಮಾತಿನ ಭಾರ ಅವನಿಗೆ ಅಂದು ತಿಳಿಯಲಿಲ್ಲ. ನಕ್ಕು, ಪುಟ್ಟಿ ಒತ್ತಿರಬೇಕು ಬಿಡು ಎಂದು ಸೆಟ್ಟಿಂಗನ್ನು ಮತ್ತೆ ಸರಿಮಾಡಿದ. ಹತ್ತು ದಿನದ ಮೇಲೆ ಬ್ಯಾಟರಿ ಬಂತು. ಹಿಂಬದಿಯ ಮುಚ್ಚಳವನ್ನು ಮೂಳೆಯ ಪಟ್ಟಿಯಿಂದ ಮೆಲ್ಲಗೆ ಎಬ್ಬಿಸಿದ. ಹಳೆಯ ಪುಸ್ತಕದ ರಟ್ಟು ಬಿಡಿಸುವ ಅದೇ ಪಟ್ಟಿ, ಅದೇ ತಾಳ್ಮೆ. ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿದ, ಸೆಟ್ಟಿಂಗನ್ನು ಮೂರನೆಯ ಸಲ ಸರಿಪಡಿಸಿದ, ಐದು ದಿನ ತನ್ನ ಮೇಜಿನ ಮೇಲೆ ಇಟ್ಟು ನೋಡಿದ. ಬ್ಯಾಟರಿ ಗಟ್ಟಿಯಾಗಿ ನಿಂತಿತು. ನೆರಳಿಲ್ಲ, ನಿಂತ ಪುಟವಿಲ್ಲ.

"ಯಂತ್ರಕ್ಕೆ ಇನ್ನೇನೂ ಇಲ್ಲ ಅಕ್ಕ, ಹೊಸ ಮದುಮಗನ ಹಾಗಿದೆ" ಎಂದು ಅವಳ ಕೈಗೆ ಕೊಟ್ಟ. ಪುಟ ಸ್ತಬ್ಧವಾದಂತೆ ಅನ್ನಿಸಿದರೆ ಪಕ್ಕದ ಗುಂಡಿಯನ್ನು ಒತ್ತಿ ಹಿಡಿದುಕೊ, ಮಲಗಿ ಏಳುತ್ತದೆ ಎಂದೂ ಹೇಳಿಕೊಟ್ಟ. ಅಕ್ಕ ಹೂಂ ಎಂದಳು. ಆಮೇಲೆ ಒಂದು ತಿಂಗಳು ದೂರೇ ಬರಲಿಲ್ಲ. ಎಲ್ಲ ಸರಿಯಾಯಿತು ಎಂದು ಗೋಂದಣ್ಣ ಅದನ್ನು ಮರೆತೂಬಿಟ್ಟ.

ಒಂದು ಮಧ್ಯಾಹ್ನ ಅಕ್ಕನ ಮಗಳು ಆಸ್ಪತ್ರೆಯ ಸಮವಸ್ತ್ರದಲ್ಲೇ ಗ್ರಂಥಾಲಯದ ಹಿಂದಿನ ಕೋಣೆಗೆ ಬಂದಳು. ಕೂರು ಎಂದರೂ ಕೂರಲಿಲ್ಲ. ಹೊಲಿಗೆಯ ಚೌಕಟ್ಟಿನ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಳು.

"ಮಾವ, ಅಮ್ಮ ಪುಟ್ಟೀನ ಇನ್ನು ನೋಡ್ಕೊಳ್ಳಲ್ಲ ಅಂತಿದಾಳೆ. ಒಂದನೇ ತಾರೀಖಿನಿಂದ ಬೇರೆ ಯಾರನ್ನಾದರೂ ಹುಡುಕು ಅಂದಳು."

ಕೋಪ ಮಾಡಿಕೊಂಡಿದ್ದಾಳಾ ಎಂದು ಕೇಳಿದ. ಇಲ್ಲ, ಕೋಪವಲ್ಲ ಎಂದಳು ಮಗಳು. ಎಷ್ಟು ಕೇಳಿದರೂ ಅಮ್ಮ ಒಂದೇ ಮಾತು ಹೇಳುತ್ತಾಳಂತೆ: ನನ್ನ ತಲೆ ಮೊದಲಿನ ಹಾಗಿಲ್ಲ, ಒಲೆ ಹಚ್ಚಿಟ್ಟು ಮರೆತರೆ ಮಗುವಿನ ಗತಿಯೇನು. ಹಾಗೆ ಏನಾದರೂ ಮರೆತಿದ್ದಾಳಾ ಎಂದರೆ ಮಗಳಿಗೆ ಒಂದೂ ತೋಚಲಿಲ್ಲ. ಔಷಧಿ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳುತ್ತಾಳೆ, ಪುಟ್ಟಿಯ ಲಸಿಕೆಯ ದಿನವನ್ನು ತನಗೇ ನೆನಪಿಸುತ್ತಾಳೆ. ಆದರೂ ಸಂಜೆ ಮಗುವನ್ನು ಕೊಡುವಾಗ ಅದರ ಮೈಯನ್ನೆಲ್ಲ ತಡವಿ ನೋಡಿ ಕೊಡುತ್ತಾಳೆ, ತಾನೇ ಏನೋ ತಪ್ಪು ಮಾಡಿರುವವಳ ಹಾಗೆ.

ಗೋಂದಣ್ಣನಿಗೆ ಅಮ್ಮ ನೆನಪಾದಳು. ಅವರ ತಾಯಿ ಕೊನೆಯ ನಾಲ್ಕು ವರ್ಷ ಎಲ್ಲವನ್ನೂ ಮರೆತಿದ್ದಳು. ಮಾಡಿದ ಸಾರಿಗೆ ಮೂರು ಸಲ ಉಪ್ಪು ಹಾಕುತ್ತಿದ್ದಳು, ಎಂದೋ ತೀರಿಹೋದ ಗಂಡ ಊಟಕ್ಕೆ ಬಂದನಾ ಎಂದು ಬಾಗಿಲು ನೋಡುತ್ತಿದ್ದಳು. ಆ ನಾಲ್ಕು ವರ್ಷ ತಾಯಿಯನ್ನು ಮೀಯಿಸಿ, ಉಣಿಸಿ, ಹಿಡಿದು ಕೂರಿಸಿದವಳು ಅಕ್ಕನೇ. ಅದರ ಮೊದಲ ಹೆಜ್ಜೆ ಹೇಗಿರುತ್ತದೆ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ಮರುದಿನ ಅರ್ಧ ರಜೆ ಹಾಕಿ ಅಕ್ಕನ ಮನೆಗೆ ಹೋದ. ಪುಟ್ಟಿ ಚಾಪೆಯ ಮೇಲೆ ಮಲಗಿತ್ತು. ಅಕ್ಕ ಕಿಟಕಿಯ ಬಳಿ ಸುಮ್ಮನೆ ಕೂತಿದ್ದಳು. ಇ-ರೀಡರ್ ಮಡಚಿದ ಬಟ್ಟೆಗಳ ಮೇಲೆ ಬೋರಲಾಗಿ ಬಿದ್ದಿತ್ತು. ಓದುವ ಹೊತ್ತಿನಲ್ಲಿ ಅಕ್ಕನ ಕೈ ಖಾಲಿಯಿರುವುದನ್ನು ಅವನು ಅದೇ ಮೊದಲು ನೋಡಿದ್ದು.

ಅದೂ ಇದೂ ಮಾತಾಡಿದ. ಅವಳು ಚಹಾ ಮಾಡಲು ಎದ್ದಳು, ಒಲೆ ಆರಿಸಿದ ಮೇಲೆ ಎರಡು ಸಲ ತಿರುಗಿ ನೋಡಿದಳು. ಕೊನೆಗೆ ಅವನೇ ಬಾಯಿಬಿಟ್ಟು ಕೇಳಿದ: ಯಾಕೆ ಅಕ್ಕ, ಏನಾಗಿದೆ.

ಅಕ್ಕ ಲೋಟವನ್ನು ಕೆಳಗಿಟ್ಟಳು. ಆಮೇಲೆ ಹೇಳಿದಳು.

"ಆ ದೋಣಿಯವಳು ಮೊದಲ ಸಲ ತನ್ನ ಮೈದುನನನ್ನ ದಾಟಿಸ್ತಾಳಲ್ಲ, ಆ ಪುಟ. ತೆಗೆದಾಗೆಲ್ಲ ಅದೇ ಬರುತ್ತೆ. ನಾನು ಮುಂದೆ ಓದಿದೀನಿ ಅಂತ ನನಗೆ ಅನ್ಸುತ್ತೆ. ಮುಂದೆ ಏನಾಯ್ತು ಅಂತಾನೂ ಗೊತ್ತು ಅನ್ಸುತ್ತೆ. ಆದರೆ ಅಲ್ಲಿಂದ ಮುಂದೆ ಗುರುತು ಹಾಕಿದ್ದು ಒಂದೂ ಇಲ್ಲ. ಹನ್ನೊಂದು ಸಲ ಓದಿದೀನಿ ಆ ಪುಟಾನ. ಓದದೇ ಇರೋದನ್ನ ಓದಿದೀನಿ ಅಂದ್ಕೊಳ್ತಿದೀನಾ? ಅಮ್ಮನೂ ಮೊದಮೊದಲು ಹೀಗೇ ಅಲ್ವಾ, ಊಟ ಮಾಡದೇ ಮಾಡಿದೀನಿ ಅಂತಿದ್ದಳು."

"ನನಗೆ ಯಾಕೆ ಹೇಳಲಿಲ್ಲ?"

"ಯಂತ್ರಕ್ಕೆ ಏನೂ ಇಲ್ಲ ಅಂತ ನೀನೇ ಅಂದೆಯಲ್ಲೋ. ಅದಕ್ಕೆ ಏನೂ ಇಲ್ಲ ಅಂದಮೇಲೆ ನನಗೇ ತಾನೇ ಇರಬೇಕು."

ಗೋಂದಣ್ಣ ಹಗುರವಾಗಿ ಆಡಿದ ಒಂದು ಮಾತನ್ನು ಅಕ್ಕ ಒಂದು ತಿಂಗಳು ಒಬ್ಬಳೇ ಹೊತ್ತಿದ್ದಳು. ಕೈಗೆ ಏನಾದರೂ ಕೆಲಸ ಬೇಕಾಗಿ, ಅಂಗಿಯ ಜೇಬಿನಲ್ಲಿದ್ದ ಖಾಲಿ ಚೀಟಿ ತೆಗೆದು ಬರೆಯತೊಡಗಿದ. ಅಕ್ಕ ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆದ. ತೆಗೆದಾಗೆಲ್ಲ ಅದೇ ಪುಟ. ಗುರುತು ಹಾಕಿದ್ದು ಒಂದೂ ಇಲ್ಲ.

ತೆಗೆದಾಗೆಲ್ಲವೂ ಹಾಗೆಯೇ ಆಗುತ್ತಾ ಎಂದು ಕೇಳಿದ. ಇಲ್ಲ ಎಂದಳು. ಕೆಲವು ಸಲ ನಾಲ್ಕೈದು ದಿನ ಸರಿಯಾಗಿ, ಬಿಟ್ಟ ಕಡೆಯೇ ತೆರೆದುಕೊಳ್ಳುತ್ತದೆ. ನೀನು ಹೇಳಿಕೊಟ್ಟ ಹಾಗೆ ಗುಂಡಿ ಒತ್ತಿ ಹಿಡಿದು ಎಬ್ಬಿಸಿದೆನೋ, ಮತ್ತೆ ಅಲ್ಲಿಗೇ ಬಂದು ಕೂತಿರುತ್ತದೆ. ಹಳೇ ಬ್ಯಾಟರಿ ಇದ್ದಾಗ ಎರಡು ದಿನಕ್ಕೊಮ್ಮೆ ಹಾಗಾಗುತ್ತಿತ್ತು. ಹಾಂ, ನೆರಳೂ ಅವತ್ತೇ ವಾಪಸ್ಸು ಬರುತ್ತದೆ.

ಅದನ್ನೂ ಬರೆದ. ಬರೆದು ಮುಗಿಸಿ, ಬರೆದದ್ದನ್ನು ಓದಿದ. ಮತ್ತೊಮ್ಮೆ ಓದಿದ.

ಇ-ರೀಡರನ್ನು ಎತ್ತಿಕೊಂಡು ಸೆಟ್ಟಿಂಗಿನ ನಾಲ್ಕು ಮೆಟ್ಟಿಲು ಇಳಿದ. ಪೂರ್ತಿ ಒರೆಸುವುದು ಮತ್ತೆ ತಪ್ಪಿಹೋಗಿತ್ತು. ಅಲ್ಲಿನ ಅಕ್ಷರಗಳು ಸಾಸಿವೆಯಷ್ಟು ಸಣ್ಣವು. ಪುಸ್ತಕದ ಅಕ್ಷರ ಹಿಗ್ಗಿಸಿದರೂ ಸೆಟ್ಟಿಂಗಿನ ಅಕ್ಷರ ಹಿಗ್ಗುವುದಿಲ್ಲ. ಈ ಕಣ್ಣಿಟ್ಟುಕೊಂಡು ಅಕ್ಕ ಅಲ್ಲಿಗೆ ಬೇಕೆಂದರೂ ತಲುಪಲಾರಳು. ಪುಟ್ಟಿಯ ಬೆರಳು ನಾಲ್ಕು ಕಡೆ ಸರಿಯಾಗಿ, ಅದೂ ಮೂರು ಮೂರು ಸಲ, ಬಿದ್ದಿರಲೂ ಸಾಧ್ಯವಿಲ್ಲ. ಇದನ್ನು ಅವನು ಒಂದೂವರೆ ತಿಂಗಳ ಹಿಂದೆಯೇ ನೋಡಬಹುದಿತ್ತು. ಬೇರೆ ಯಾರದ್ದಾದರೂ ಆಗಿದ್ದರೆ ಚೀಲದಲ್ಲಿ ಮೂರು ದೂರು ಒಂದರ ಕೆಳಗೊಂದು ಇರುತ್ತಿದ್ದವು.

"ಅಕ್ಕ, ಇದರಲ್ಲಿ ನಿನಗೆ ಬೇಡದ ಪುಸ್ತಕ ಯಾವುದು?"

"ಆ ಅಡುಗೆ ಪುಸ್ತಕ. ಬದನೆಕಾಯಿ ಬಿಟ್ಟರೆ ಬರೆದವನಿಗೆ ಬೇರೆ ತರಕಾರಿನೇ ಗೊತ್ತಿಲ್ಲ."

ಅವಳ ಬೆರಳನ್ನೇ ಹಿಡಿದು ಅದನ್ನು ಅಳಿಸುವಂತೆ ಮಾಡಿದ. ಪಟ್ಟಿಯಿಂದ ಹೆಸರು ಹೋಯಿತು. ಹೋಯಿತಾ ಎಂದು ಕೇಳಿದ. ಪರದೆಯನ್ನು ಓರೆಯಾಗಿ ಹಿಡಿದು ಕಣ್ಣಂಚಿನಿಂದ ನೋಡಿ, ಹೋಯಿತು ಎಂದಳು. ಈಗ ಗುಂಡಿ ಒತ್ತಿ ಹಿಡಿ ಎಂದ. ಪರದೆ ಕಪ್ಪಾಯಿತು, ಬೆಳ್ಳಗಾಯಿತು, ಅಲ್ಲೇ ನಿಂತು ಯೋಚಿಸಿತು. ಎರಡು ನಿಮಿಷದ ಮೇಲೆ ಪಟ್ಟಿ ಬಂತು. ಮೂರನೆಯ ಸಾಲಿನಲ್ಲಿ ಅಡುಗೆ ಪುಸ್ತಕ ಕೂತಿತ್ತು.

ಅಕ್ಕ ಅದನ್ನು ಅವನ ಕೈಯಿಂದ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು.

"ಇನ್ನೊಂದು ಸಲ" ಎಂದಳು.

ಎರಡನೆಯ ಸಲ ಅವಳೇ ಅಳಿಸಿದಳು. ಬಂತು. ಮೂರನೆಯ ಸಲವೂ ಬಂತು.

ಆಗ ಗೋಂದಣ್ಣ ಹೇಳಿದ. ಇದರೊಳಗೆ ಒಂದು ಚಿಪ್ ಇದೆ. ಪುಸ್ತಕ, ಗುರುತು, ನೀನು ಎಲ್ಲಿಯವರೆಗೆ ಓದಿದೆ ಎಂಬುದು ಎಲ್ಲ ಅದರಲ್ಲಿ ಬರೆದಿಡಬೇಕು. ಆ ಚಿಪ್ ಸವೆದುಹೋಗಿದೆ. ಹಳೆಯದನ್ನು ಓದಿ ತೋರಿಸುತ್ತದೆ, ಹೊಸದನ್ನು ಬರೆದುಕೊಳ್ಳುವುದಿಲ್ಲ. ಬರೆದುಕೊಂಡೆ ಎಂದು ಸುಳ್ಳು ಹೇಳುತ್ತದೆ. ಬ್ಯಾಟರಿ ಇದ್ದು ಎಚ್ಚರವಿರುವಷ್ಟು ದಿನ ಎಲ್ಲ ಬಾಯಿಪಾಠದಲ್ಲಿ ಇಟ್ಟುಕೊಂಡಿರುತ್ತದೆ. ಬ್ಯಾಟರಿ ಸತ್ತರೋ, ಗುಂಡಿ ಒತ್ತಿ ಎಬ್ಬಿಸಿದರೋ, ಬಾಯಿಪಾಠ ಅಳಿಸಿ ಹಳೆಯ ಬರಹಕ್ಕೇ ಮರಳುತ್ತದೆ. ದೋಣಿಯ ಪುಟ ಅದು ಕೊನೆಯದಾಗಿ ಬರೆದುಕೊಂಡ ಪುಟ. ಬ್ಯಾಟರಿ ಬದಲಾಯಿಸಿದಾಗ ನನ್ನ ಮೇಜಿನ ಮೇಲೆ ಐದು ದಿನ ಒಂದು ಸಲವೂ ಮಲಗಿ ಏಳಲಿಲ್ಲ, ಅದಕ್ಕೇ ನನಗೆ ಸಿಕ್ಕಿಬೀಳಲಿಲ್ಲ.

ಅಕ್ಕ ಕೇಳಿಸಿಕೊಂಡಳು. ಅವಳ ತುಟಿ ಅಲ್ಲಾಡುತ್ತಿತ್ತು. ಅಳುತ್ತಾಳೇನೋ ಎಂದು ಅವನು ಹೆದರಿದ. ಅವಳು ಲೆಕ್ಕ ಹಾಕುತ್ತಿದ್ದಳು.

"ಅಂದರೆ ನೆರಳು ಪರದೆದು. ನಿಂತ ಪುಟ ಬ್ಯಾಟರಿದು. ಹಿಂದಕ್ಕೆ ಹೋಗೋದು ಈ ಚಿಪ್ಪಿಂದು."

"ಹೌದು ಅಕ್ಕ. ನಾನು ಮೊದಲ ಎರಡನ್ನ ಸರಿಮಾಡಿ ಎಲ್ಲ ಸರಿಯಾಯ್ತು ಅಂದೆ. ತಪ್ಪಾಯ್ತು."

"ಮೊಳೆ ಜೋಡಿಸಿ, ದಾರ ಕಟ್ಟದೇ ಹಾಗೇ ತಟ್ಟೆ ಮೇಲೆ ಬಿಟ್ಟ ಹಾಗೆ" ಎಂದಳು ಅಕ್ಕ. "ಯಾರಾದರೂ ಮೇಜಿಗೆ ಒದ್ದರೆ ಮುಗೀತು." ಆಮೇಲೆ, "ನನ್ನ ಗುರುತುಗಳೆಲ್ಲ ಹೋದವಾ ಹಾಗಾದರೆ?" ಎಂದಳು.

ದೋಣಿಯ ಪುಟದವರೆಗಿನವು ಇವೆ, ಅವನ್ನು ಬೇರೆ ಇ-ರೀಡರಿಗೆ ಇಳಿಸಿಕೊಡಬಹುದು. ಆಮೇಲಿನವು ಎಲ್ಲೂ ಬರೆದೇ ಇಲ್ಲ, ತರಲಾಗುವುದಿಲ್ಲ ಎಂದ. ಅದನ್ನು ಹೇಳುವಾಗ ಅವನ ದನಿ ಇಳಿದಿತ್ತು.

"ಬರ್ಕೋ" ಎಂದಳು ಅಕ್ಕ.

ಅವನು ಚೀಟಿಯನ್ನು ಮಗುಚಿ ಹಿಡಿದ. ಅಕ್ಕ ಕಣ್ಣು ಮುಚ್ಚಿದಳು. ಮೊಳೆಯ ಖಾನೆಗಳಿಂದ ಒಂದೊಂದೇ ಅಕ್ಷರ ಎತ್ತುತ್ತಿದ್ದವಳ ಬೆರಳುಗಳು ಸೀರೆಯ ಅಂಚಿನ ಮೇಲೆ ಓಡಾಡಿದವು. "ಮೈದುನನ ಮದುವೆ ದಿನದ್ದು: ನದಿ ಎಲ್ಲರನ್ನೂ ದಾಟಿಸುತ್ತದೆ, ತಾನು ಮಾತ್ರ ಎಲ್ಲಿಯೂ ಇಳಿಯುವುದಿಲ್ಲ. ಬರ್ಕೊಂಡೆಯಾ? ಅವಳು ದೋಣಿಯ ಹುಟ್ಟು ಮಾರೋಕೆ ಹೋದಾಗಿಂದು: ಮರಕ್ಕೆ ನನ್ನ ಅಂಗೈ ಗೊತ್ತು, ಕೊಳ್ಳುವವನಿಗೆ ಮರ ಮಾತ್ರ ಸಿಗುತ್ತದೆ."

ಹೀಗೆ ಆರು ಸಾಲು ಹೇಳಿದಳು. ಯಾವ ಸಾಲು ಕಥೆಯ ಯಾವ ತಿರುವಿನಲ್ಲಿ ಬಂತು ಎಂಬುದನ್ನೂ ಸೇರಿಸಿ ಹೇಳಿದಳು. ಗೋಂದಣ್ಣ ಬರೆಯುತ್ತ ಹೋದ. ಚೀಟಿ ತುಂಬಿ, ಅಂಚಿನಲ್ಲಿ ಅಡ್ಡಡ್ಡವಾಗಿ ಬರೆದ. ಅಕ್ಷರಗಳು ನಡುನಡುವೆ ಮಂಜಾದವು. ಅದು ಅವನ ಕಣ್ಣಿನದು.

ಪುಟ್ಟಿ ಎದ್ದು ಬಂದು ಅಜ್ಜಿಯ ತೊಡೆಯನ್ನು ಹತ್ತಿ ಕೂತಿತು. ಅಕ್ಕ ಅದರ ಬೆವೆತ ಕೂದಲನ್ನು ಹಿಂದಕ್ಕೆ ಸವರಿದಳು. ಈ ಸಲ ಮೈ ತಡವಿ ನೋಡಲಿಲ್ಲ, ಸುಮ್ಮನೆ ಅಪ್ಪಿಕೊಂಡಳು. ಫೋನು ಕೊಡು ಎಂದಳು. ಮಗಳು ಕೆಲಸದಲ್ಲಿರುತ್ತಾಳೆ, ಸಂಜೆ ಮಾಡು ಎಂದರೆ ಕೇಳಲಿಲ್ಲ.

"ಯಾರನ್ನೂ ಹುಡುಕಬೇಡ" ಎಂದಳು ಫೋನಿಗೆ. ಆ ಕಡೆಯಿಂದ ಏನೋ ಪ್ರಶ್ನೆ ಬಂತು. "ನನಗಲ್ಲ ಕಣೇ, ನಿಮ್ಮ ಮಾವನ ಯಂತ್ರಕ್ಕೆ ಮರೆವು. ಅವನೇ ಇಲ್ಲಿ ಕೂತು ತಪ್ಪೊಪ್ಪಿಗೆ ಬರೀತಿದಾನೆ."

ಮಗಳು ಆ ಕಡೆ ನಕ್ಕಳೋ ಅತ್ತಳೋ, ಗೋಂದಣ್ಣನಿಗೆ ಕೇಳಿಸಲಿಲ್ಲ. ಅಕ್ಕ ಮಾತ್ರ ಬಹಳ ಹೊತ್ತು ಫೋನನ್ನು ಕಿವಿಯಿಂದ ಇಳಿಸಲಿಲ್ಲ.

ಆಮೇಲೆ, ಇನ್ನೂ ಒಂದು ಸಾಲು ಇತ್ತಲ್ಲ, ಏಳನೆಯದು, ಅವಳು ಮುದುಕನನ್ನು ದಾಟಿಸುವಾಗಿನದು ಎಂದು ಹುಬ್ಬು ಗಂಟಿಕ್ಕಿ ಕೂತಳು. ಪುಟ್ಟಿ ಅವಳ ಕನ್ನಡಕ ಎಳೆಯುತ್ತಿತ್ತು. ಗೋಂದಣ್ಣ ಪೆನ್ನು ಹಿಡಿದು ಕಾದ. ಸ್ವಲ್ಪ ಹೊತ್ತಾದ ಮೇಲೆ ಅಕ್ಕ ಕೈ ಬಿಟ್ಟಳು.

"ಮರೆತೆ" ಎಂದಳು, ಮಗುವಿನ ಕೈಯಿಂದ ಕನ್ನಡಕ ಬಿಡಿಸಿಕೊಳ್ಳುತ್ತ. ಆ ದನಿಯಲ್ಲಿ ಹೆದರಿಕೆಯಿರಲಿಲ್ಲ. "ಹೋಗಲಿ ಬಿಡು, ಮತ್ತೆ ಓದಿದರಾಯ್ತು."